ಕಾಲ್ ಬಂದ ಕೂಡಲೇ ನೆಟ್ ನಿಲ್ಲುವುದು ಯಾಕೆ?

“ಮಣಿಪಾಲದಲ್ಲಿ 4ಜಿ ಚೆನ್ನಾಗಿ ಬರ್ತದೆ. ಕಾಲ್ ಬಂದ ಕೂಡಲೇ ನೆಟ್ ನಿಲ್ತದೆ, ಕಾಲ್ ಕಟ್ ಮಾಡಿದ ಮೇಲೆ ಪುನಃ ಬರ್ತದೆ. ಯಾಕೆ?”

ಹೆಚ್ಚಾಗಿ ನಿಮ್ಮ ಫೋನಿನಲ್ಲಿ VoLTE, ಅಂದರೆ 4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ, ಆಫ್ ಆಗಿರಬೇಕು. ಹಳೆಯ ರೀತಿಯ ಕಾಲ್‌ಗೆ ಸರ್ಕ್ಯೂಟ್, ಅಂದರೆ ಅದಕ್ಕೇ ಮೀಸಲಾದ ದಾರಿ, ಬೇಕು. 4ಜಿಯಲ್ಲಿ ಅದು ಇಲ್ಲ, ಎಲ್ಲವೂ ಪ್ಯಾಕೆಟ್, ಅಂದರೆ ಸಣ್ಣ ಸಣ್ಣ ತುಂಡುಗಳಾಗಿ ಹೋಗುವ ಡೇಟಾ. ಹಾಗಾಗಿ ಕಾಲ್ ಬಂದಾಗ ಟವರ್ ನಿಮ್ಮ ಫೋನನ್ನು 2ಜಿಗೆ ಇಳಿಸುತ್ತದೆ. ಅಲ್ಲಿ ಒಂದು ಫ್ರೀಕ್ವೆನ್ಸಿಯನ್ನು 8 ಟೈಮ್ ಸ್ಲಾಟ್ ಮಾಡಿರುತ್ತಾರೆ. ಒಂದು ಸ್ಲಾಟ್ ಕಾಲ್ ಮುಗಿಯುವವರೆಗೆ ನಿಮಗೇ ಮೀಸಲು. ನೀವಿಬ್ಬರೂ ಸುಮ್ಮನಿದ್ದರೂ ಅದನ್ನು ಬೇರೆಯವರಿಗೆ ಕೊಡುವುದಿಲ್ಲ. ಇದೇ ಸರ್ಕ್ಯೂಟ್ ಸ್ವಿಚಿಂಗ್. 2ಜಿಯಲ್ಲಿ ಕಾಲ್ ನಡೆಯುವಾಗ ನೆಟ್ ಸಾಮಾನ್ಯವಾಗಿ ನಡೆಯುವುದಿಲ್ಲ, ಅದಕ್ಕೇ ನಿಲ್ಲುವುದು.

VoLTE ಆನ್ ಇದ್ದರೆ ಮಾತೂ ಪ್ಯಾಕೆಟ್ ಆಗಿಯೇ ಹೋಗುತ್ತದೆ. 20 ಮಿಲಿಸೆಕೆಂಡಿಗೆ ಒಂದು ತುಂಡು, ಅಂದರೆ ಅರ್ಧ ಸೆಕೆಂಡಿನ “ಹಲೋ”ಗೆ 25 ಪ್ಯಾಕೆಟ್. ಸುಮ್ಮನಿದ್ದಾಗ 160 ಮಿಲಿಸೆಕೆಂಡಿಗೆ ಒಂದು ಸಣ್ಣ ಪ್ಯಾಕೆಟ್ ಸಾಕು, ಉಳಿದ ಜಾಗ ಬೇರೆಯವರ ಡೇಟಾಕ್ಕೆ. ವಿಡಿಯೊ ಪ್ಯಾಕೆಟ್ ತಡವಾದರೆ ಕಾಯಬಹುದು, ಮಾತು ತಡವಾದರೆ ತುಂಡಾಗುತ್ತದೆ. ಅದಕ್ಕೇ ಟವರ್ ಮಾತಿನ ಪ್ಯಾಕೆಟ್ಟುಗಳನ್ನು ಮೊದಲು ಬಿಡುತ್ತದೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವ ಭಾಗ ಇದೇ.

ಮೊದಲು ಕಾಲ್‌ನಲ್ಲಿರುವಾಗ ಮೇಲಿನ ಪಟ್ಟಿ ನೋಡಿ. 4G ಹೋಗಿ 2ಜಿಯ ಗುರುತಾದ E ಅಥವಾ G ಬಂದರೆ ಕಾರಣ ಇದೇ. ಸೆಟ್ಟಿಂಗ್ಸ್‌ನ ಸಿಮ್ ಭಾಗದಲ್ಲಿ VoLTE ಆನ್ ಮಾಡಿ (ಕೆಲವು ಫೋನಿನಲ್ಲಿ 4G Calling ಅಂತ ಇರುತ್ತದೆ), ಒಮ್ಮೆ ರೀಸ್ಟಾರ್ಟ್ ಮಾಡಿ, ಪುನಃ ಕಾಲ್ ಮಾಡಿ ನೋಡಿ. ಆ ಕಡೆಯವರು 2ಜಿಯಲ್ಲಿದ್ದರೂ ತೊಂದರೆ ಇಲ್ಲ, ನಡುವಿನ ಗೇಟ್‌ವೇ ಬದಲಾಯಿಸಿ ಕೊಡುತ್ತದೆ.

ಎರಡು ಸಿಮ್ ಇದ್ದು, ಕಾಲ್ ಬಂದದ್ದು ಡೇಟಾ ಇಲ್ಲದ ಸಿಮ್ಮಿಗಾದರೆ ವಿಷಯ ಬೇರೆ. ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್ಮಿಗೂ ರೇಡಿಯೊ ಒಂದೇ, ಆಗ VoLTE ಆನ್ ಇದ್ದರೂ ನೆಟ್ ನಿಲ್ಲಬಹುದು. ಕಾಲ್ ಬರುವ ಸಿಮ್ಮಿಗೇ ಡೇಟಾ ಹಾಕಿ ನೋಡಿ.