ಕೆಲಸ ಹೋಯಿತು, ಗ್ರಾಚುಟಿಯೂ ಹೋಗಬೇಕಾ?

ಇದು 2023ರ ಪ್ರಕರಣ. ಗುರುತು ಸಿಗದ ಹಾಗೆ ಹೆಸರು, ವಿವರ ಬದಲಿಸಿದ್ದೇನೆ.

ಮಂಜಣ್ಣ ಹೆಂಡತಿ ಜೊತೆ ಬಂದಿದ್ದರು. ಕಾರ್ಖಾನೆಯಲ್ಲಿ 7 ವರ್ಷ 8 ತಿಂಗಳು ಮೆಷಿನ್ ಆಪರೇಟರ್. ತಮ್ಮ ತೀರಿಕೊಂಡ ಮೇಲೆ ಕುಡಿತ ಜಾಸ್ತಿಯಾಗಿತ್ತು. ಹೇಳದೆ ಕೇಳದೆ ರಜೆ ಹಾಕುತ್ತಿದ್ದರು. ಜೇಬಿಂದ ತೆಗೆದ ವಜಾ ಪತ್ರ ಮಡಿಕೆಯಲ್ಲೇ ಹರಿಯುವ ಹಾಗಿತ್ತು.

"ನಂದೇ ತಪ್ಪು ಮೇಡಂ. ಇನ್ನೇನು ಕೇಳೋದು?" ಅಂದರು.

ನಾನು ಪತ್ರವನ್ನು ಜೋರಾಗಿ ಓದಿದೆ. ಮೊದಲ ಭಾಗದಲ್ಲಿ ಗೈರುಹಾಜರಾದ 23 ದಿನಗಳ ಪಟ್ಟಿ. ಆಮೇಲೆ ಎರಡು ಎಚ್ಚರಿಕೆ ಪತ್ರಗಳ ಉಲ್ಲೇಖ. ಮೊದಲನೆಯದಕ್ಕೆ ಅವರು ಸಹಿ ಹಾಕಿದ್ದು ನಿಜ. ಎರಡನೆಯದು ಹೋಗಿದ್ದು ಎರಡು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಗೆ. ವಿಚಾರಣೆ ನಡೆದ ಮಾತೇ ಇರಲಿಲ್ಲ. ಗೈರುಹಾಜರಿ ಎಂದು ತೆಗೆಯುವ ಮುಂಚೆ ಕೆಲಸಗಾರನ ಮಾತು ಕೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಕೊನೆಯಲ್ಲಿ ಬಾಕಿ ಲೆಕ್ಕ: 11 ದಿನದ ಸಂಬಳ, ಉಳಿದ ಗಳಿಕೆ ರಜೆಯ ಹಣ. ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡಬೇಕಾದ ಗ್ರಾಚುಟಿ ಎದುರು "ಶಿಸ್ತುಕ್ರಮದ ಕಾರಣ ಅನ್ವಯಿಸದು" ಎಂದಿತ್ತು. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಸುಮ್ನೆ ರಜೆ ಹಾಕಿದ್ದಕ್ಕೆ ಗ್ರಾಚುಟಿ ತಡೆಯಲು ಕಾನೂನಲ್ಲಿ ಜಾಗವಿಲ್ಲ. ಕಾರ್ಖಾನೆಗೆ ನಷ್ಟ ಮಾಡಿದರೆ, ಹೊಡೆದಾಟ ಮಾಡಿದರೆ ಅಥವಾ ಕೆಲಸದಲ್ಲಿದ್ದಾಗಲೇ ಕಳ್ಳತನದಂಥ ನೀತಿಗೆಟ್ಟ ಅಪರಾಧಕ್ಕೆ ಕೆಲಸ ಹೋದರೆ ಮಾತ್ರ ತಡೆಯಬಹುದು.

ಪತ್ರದ ಹಿಂದೆಯೇ ಲೆಕ್ಕ ಹಾಕಿದೆವು. ಮೂಲವೇತನ, ತುಟ್ಟಿಭತ್ಯೆ ಸೇರಿ 13,000. ಗ್ರಾಚುಟಿ ಲೆಕ್ಕಕ್ಕೆ ತಿಂಗಳೆಂದರೆ 26 ದಿನ, ಅದರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನ ಅಂದರೆ 7,500. ಆರು ತಿಂಗಳು ಮೀರಿದ್ದರಿಂದ ಕೊನೆಯ ತುಂಡೂ ಪೂರ್ತಿ ವರ್ಷ, ಒಟ್ಟು 8. ಅಂದರೆ 60,000 ರೂಪಾಯಿ. ಹೆಂಡತಿ ಆ ಅಂಕಿಯ ಮೇಲೆ ಬೆರಳಿಟ್ಟು, "ಇದು ನಮ್ದಾ?" ಅಂದರು.

ನಾನು ಕೊಟ್ಟ ಸಲಹೆ ಇಷ್ಟು. ಕಂಪನಿಯವರು "ರಾಜೀನಾಮೆ ಬರೆದುಕೊಡಿ, ಮುಂದೆ ಕೆಲಸ ಸಿಗೋಕೆ ಒಳ್ಳೇದು" ಅಂದರೆ ತಕ್ಷಣ ಬರೆಯಬೇಡಿ. ಬರೆದರೆ ತೆಗೆದದ್ದನ್ನು ಪ್ರಶ್ನಿಸುವುದು ಕಷ್ಟ. "ಎಲ್ಲ ಬಾಕಿ ತೀರಿದೆ" ಎನ್ನುವ ಕಾಗದಕ್ಕೆ ಸಹಿ ಹಾಕಬೇಡಿ. ಸಂಬಳದ ಹಣ ಪಡೆಯುವಾಗ "ಗ್ರಾಚುಟಿ ಬಾಕಿ ಇದೆ" ಎಂದು ಕೈಯಾರೆ ಬರೆದು, ಆ ಕಾಗದದ ನಕಲು ಇಟ್ಟುಕೊಳ್ಳಿ. ಗ್ರಾಚುಟಿ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 30 ದಿನದಲ್ಲಿ ಹಣ ಬರದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಕೆಲಸ ವಾಪಸ್ ಬೇಕಾ ಎನ್ನುವುದನ್ನು ವಕೀಲರ ಜೊತೆ ಬೇಗ ಮಾತಾಡಿ, ತಡವಾದರೆ ಹಕ್ಕು ಸಡಿಲವಾಗುತ್ತದೆ.

ಕುಡಿತದ ಮಾತನ್ನು ಅವರೇ ಎತ್ತಿದರು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ. ಕೆಲಸ ವಾಪಸ್ ಕೇಳಲು ಅವರಿಗೆ ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಗ್ರಾಚುಟಿ ಅರ್ಜಿಯನ್ನು ಮಾತ್ರ ಅವತ್ತೇ ನನ್ನ ಮೇಜಿನ ಮೇಲೆ ಬರೆದರು. ವಿಳಾಸದ ಜಾಗದಲ್ಲಿ ಈಗಿನ ಮನೆಯದ್ದನ್ನೇ ಹಾಕಿದ್ದಾರಾ ಎಂದು ಹೆಂಡತಿ ಎರಡು ಸಲ ನೋಡಿದರು.