ನಿಶ್ಚಿತಾರ್ಥದ ನಂತರ ಕಂಡ ಸಾಡೇಸಾತಿ

"ನನಗೆ 27 ವರ್ಷ. ರೇವತಿ ನಕ್ಷತ್ರ, ಮೀನ ರಾಶಿ. ಹುಡುಗನದು ಪೂರ್ವಾಷಾಢ, ಧನು ರಾಶಿ. ಜಾತಕ ಕೂಡಿದ ಮೇಲೆಯೇ 2026ರ ಜನವರಿಯಲ್ಲಿ ನಿಶ್ಚಿತಾರ್ಥವಾಯಿತು. ಈಗ ಅವರ ಅಜ್ಜಿ, ಹುಡುಗಿಗೆ ಸಾಡೇಸಾತಿ ನಡೆಯುತ್ತಿದೆ, ಅದು ಮುಗಿಯಲಿ ಎನ್ನುತ್ತಿದ್ದಾರೆ. ಹುಡುಗ ಸುಮ್ಮನಿದ್ದಾರೆ. ಕಾಯಬೇಕೇ?" – ಹೆಸರು ಬೇಡ, ಹಾಸನ

ಪ್ರಿಯ ಸಹೋದರಿ,

ಮೊದಲು ಅಜ್ಜಿಯವರ ಮಾತನ್ನು ಪಂಚಾಂಗದ ಮುಂದಿಟ್ಟು ನೋಡೋಣ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ ಮತ್ತು ಅದರ ಮುಂದಿನ ರಾಶಿ, ಈ ಮೂರರಲ್ಲಿ ಶನಿ ಸುಮಾರು ಎರಡೂವರೆ ವರ್ಷಗಳಂತೆ ಇರುವ ಅವಧಿಯೇ ಸಾಡೇಸಾತಿ. ಮೀನ ರಾಶಿಯವರಿಗೆ ಇದು ಆರಂಭವಾದದ್ದು ಶನಿ ಕುಂಭವನ್ನು ಪ್ರವೇಶಿಸಿದ 2022ರ ಏಪ್ರಿಲ್‌ನಲ್ಲಿ. 2025ರ ಮಾರ್ಚ್ 29ರಂದು ಶನಿ ಮೀನಕ್ಕೆ ಬಂದಾಗಿನಿಂದ ನಿಮಗೆ ಜನ್ಮಶನಿ. ವಕ್ರಗತಿಯನ್ನೂ ಲೆಕ್ಕಕ್ಕೆ ಹಿಡಿದರೆ ಪೂರ್ಣ ಬಿಡುಗಡೆ 2030ರ ಏಪ್ರಿಲ್‌ನಲ್ಲಿ. ಅಂದರೆ ಅಜ್ಜಿ ಕೇಳುತ್ತಿರುವುದು ನಾಲ್ಕು ವರ್ಷಗಳ ಕಾಯುವಿಕೆ. ಈ ಇಸವಿಯನ್ನು ಅವರಿಗೆ ಯಾರೂ ಹೇಳಿರಲಾರರು ಎಂದು ನನಗನ್ನಿಸುತ್ತದೆ. "ಮುಗಿಯಲಿ" ಎನ್ನುವವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಒಂದು ವರ್ಷದ ಮಾತನ್ನು.

ಹನ್ನೆರಡು ರಾಶಿಗಳಲ್ಲಿ ಮೂರು ರಾಶಿಗಳಿಗೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತದೆ. ಹುಡುಗ ಹುಡುಗಿ ಇಬ್ಬರನ್ನೂ ಸೇರಿಸಿ ನೋಡಿದರೆ, ನೂರು ಜೋಡಿಗಳಲ್ಲಿ ನಲವತ್ತಕ್ಕೂ ಹೆಚ್ಚು ಜೋಡಿಗಳಲ್ಲಿ ಒಬ್ಬರಿಗಾದರೂ ಅದು ನಡೆಯುತ್ತಿರುತ್ತದೆ. ಅಂಥ ಮದುವೆಗಳನ್ನೆಲ್ಲ ಹಿಂದಿನವರು ನಿಲ್ಲಿಸಲಿಲ್ಲ; 36 ಗುಣಗಳ ಕೂಟದಲ್ಲಿ ಶನಿಯ ಸಂಚಾರಕ್ಕೆ ಒಂದು ಗುಣವನ್ನೂ ಇಡಲಿಲ್ಲ. ಮುಹೂರ್ತಕ್ಕೆ ನಮ್ಮ ಕಡೆ ಮುಖ್ಯವಾಗಿ ಕೇಳುವುದು ಹುಡುಗಿಗೆ ಗುರುಬಲ ಬಂದಿದೆಯೇ ಎಂದು. ಜನ್ಮರಾಶಿಯಿಂದ 2, 5, 7, 9, 11ರಲ್ಲಿ ಗುರು ಇದ್ದರೆ ಗುರುಬಲ. ಈ ವರ್ಷ ಜೂನ್ ಮೊದಲ ವಾರದಲ್ಲಿ ಗುರು ತನ್ನ ಉಚ್ಚ ರಾಶಿಯಾದ ಕರ್ಕಾಟಕಕ್ಕೆ ಬರುತ್ತಾನೆ. ಅದು ನಿಮ್ಮ ರಾಶಿಗೆ ಐದನೆಯದು, ಮತ್ತು ಅಲ್ಲಿಂದ ಗುರುವಿನ ಒಂಬತ್ತನೆಯ ದೃಷ್ಟಿ ನೇರವಾಗಿ ಬೀಳುವುದು ಮೀನದ ಮೇಲೆ, ಅಲ್ಲಿರುವ ಶನಿಯ ಮೇಲೆ. ಹೀಗೆ, ಅಜ್ಜಿ ನಂಬುವ ಶಾಸ್ತ್ರವೇ ನಿಮಗೆ ಅನುಕೂಲವಾಗಿ ಮಾತಾಡುತ್ತಿದೆ. ಅಧಿಕ ಜ್ಯೇಷ್ಠ ಕಳೆದ ಮೇಲೆ, ಜೂನ್ ಮೂರನೆಯ ವಾರದಿಂದ ಜುಲೈ ಎರಡನೆಯ ವಾರದವರೆಗಿನ ನಿಜ ಜ್ಯೇಷ್ಠದಲ್ಲಿ ಮುಹೂರ್ತ ಹುಡುಕಬಹುದು. ನೀವಿಬ್ಬರೂ ಮನೆಯ ಹಿರಿಯ ಮಕ್ಕಳಾಗಿದ್ದರೆ ಮಾತ್ರ ಆ ಮಾಸವನ್ನು ಬಿಡುವ ರೂಢಿಯಿದೆ. ಅದು ತಪ್ಪಿದರೆ, ಗುರು ಸಿಂಹಕ್ಕೆ ಹೋಗಿ ಮತ್ತೆ ಕರ್ಕಾಟಕಕ್ಕೆ ಮರಳುವ 2027ರ ಫೆಬ್ರವರಿಯಿಂದ ಜೂನ್‌ವರೆಗಿನ ಅವಧಿ ಇದೆ.

ಇನ್ನೊಂದು ವಿಷಯವನ್ನು ನಿಮ್ಮ ಪತ್ರದಲ್ಲಿ ಯಾರೂ ಎತ್ತಿದಂತಿಲ್ಲ. ಶನಿ ಮೀನದಲ್ಲಿರುವಾಗ ಧನು ರಾಶಿಗೆ ಅವನು ನಾಲ್ಕನೆಯವನು, ಅಂದರೆ ಹುಡುಗನಿಗೆ ಅರ್ಧಾಷ್ಟಮ ಶನಿ. ಜ್ಯೋತಿಷಿಗಳು ಅದನ್ನೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ಜಾತಕಗಳಿದ್ದರೂ ತೂಗಿದ್ದು ಹುಡುಗಿಯದನ್ನು ಮಾತ್ರ ಎಂಬುದು ನನಗೆ ನೋವಿನ ಸಂಗತಿ. ಇದನ್ನು ಪ್ರತ್ಯಾಸ್ತ್ರದಂತೆ ಎಸೆಯಬೇಡಿ. ನಿಮ್ಮ ತಂದೆಯವರು ಬೀಗರಾಗಲಿರುವವರ ಜೊತೆಗೇ ಅವರ ಜೋಯಿಸರ ಬಳಿಗೆ ಹೋಗಿ, ಎರಡೂ ಜಾತಕಗಳನ್ನು ಒಟ್ಟಿಗೆ ಓದಿಸಿ, ಗುರುಬಲದ ಬಗ್ಗೆ ಮತ್ತು ಕಾಯಬೇಕಾದರೆ ಯಾವ ತಿಂಗಳವರೆಗೆ ಎಂಬ ಬಗ್ಗೆ ನೇರವಾಗಿ ಕೇಳಲಿ. ಶಾಂತಿ ಮಾಡಿಸಿ ಎಂದರೆ ಶನಿವಾರದ ಎಳ್ಳೆಣ್ಣೆ ದೀಪ, ನವಗ್ರಹ ಪೂಜೆ, ಎಳ್ಳಿನ ದಾನ ಸಾಕು. ಸಾಲ ಮಾಡಿಸುವ ಹೋಮವನ್ನು ಯಾರಾದರೂ ಸೂಚಿಸಿದರೆ ಇನ್ನೊಬ್ಬ ಜೋಯಿಸರನ್ನು ಕೇಳಿ.

ಗ್ರಹಗಳು ದಾಂಪತ್ಯವನ್ನು ನಡೆಸುತ್ತವೆ ಎಂದು ನಾನು ನಂಬುವುದಿಲ್ಲ. ಆದರೂ ಇಷ್ಟು ವಿವರಿಸಲು ಕಾರಣವಿದೆ. ಅಜ್ಜಿಯ ಭಯ ಉತ್ತರ ಕಾಣದೆ ಹಾಗೇ ಉಳಿದು, ಮದುವೆಯಾದ ವರ್ಷದಲ್ಲೇ ಆ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಅಥವಾ ಅಂಗಡಿಯ ವ್ಯಾಪಾರ ಕುಸಿದರೆ, ಅದು "ಹುಡುಗಿಯ ಕಾಲ್ಗುಣ" ಎಂಬ ಮಾತಾಗಿ ನಿಮ್ಮ ತಲೆಗೆ ಬರುತ್ತದೆ. ನಿಜವಾಗಿ ಎಚ್ಚರವಹಿಸಬೇಕಾದದ್ದು ಇಲ್ಲಿ. ಆದ್ದರಿಂದ ಹುಡುಗನ ಮೌನವೇ ನನ್ನನ್ನು ಹೆಚ್ಚು ಕಾಡುತ್ತಿದೆ. ಅವರ ಜೊತೆ ಒಬ್ಬರೇ ಕುಳಿತು, "ನಾಳೆ ಹಾಗೊಂದು ಮಾತು ಬಂದರೆ ನೀವು ಮನೆಯವರಿಗೆ ಏನು ಹೇಳುತ್ತೀರಿ?" ಎಂದು ಕೇಳಿ. "ಹಿರಿಯರಲ್ಲವೇ, ಸುಮ್ಮನಿರು" ಎಂಬ ಉತ್ತರ ಬಂದರೆ ದಿನಾಂಕ ಗೊತ್ತುಪಡಿಸಲು ಅವಸರಿಸಬೇಡಿ. "ನಾನೇ ಮಾತಾಡುತ್ತೇನೆ" ಎಂದರೆ, ಆ ಮಾತನ್ನು ಮದುವೆಗೆ ಮುನ್ನವೇ, ಅಜ್ಜಿಯ ಎದುರು, ನೀವಿರುವಾಗಲೇ ಆಡಲಿ. ಅದಾದ ಮೇಲೂ ಅವರ ಮನೆಯವರು ದಿನಾಂಕ ಹೇಳದೆ ಮುಂದೂಡುತ್ತ ಹೋದರೆ, 2027ರ ಜೂನ್ ಅನ್ನು ಗಡುವಾಗಿಟ್ಟು, ಅದನ್ನು ಈಗಲೇ ಎರಡೂ ಮನೆಗಳಿಗೆ ತಿಳಿಸಿಬಿಡಿ.