ಫೀಸ್ ಎಷ್ಟು ಅಂತ ಹೇಳದ ಬ್ರೋಷರ್ ಯಾರಿಗಾಗಿ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆ. ಈ ಸಲ 16 ಪುಟದ ಬಣ್ಣದ ಬ್ರೋಷರ್ ಮಾಡಿಸಿದ್ದೇವೆ. ಆದರೂ ಫೋನ್ ಮಾಡಿದವರೆಲ್ಲ ಫೀಸ್ ಎಷ್ಟು ಅಂತಲೇ ಕೇಳ್ತಾರೆ. ಅದನ್ನೂ ಅಚ್ಚು ಹಾಕಿಸಿದರೆ ಪಕ್ಕದ ಶಾಲೆಯವರು ನೋಡಿ ತಮ್ಮದನ್ನು ಕಡಿಮೆ ಮಾಡಲ್ವಾ?
– ಆಡಳಿತ ಮಂಡಳಿ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಪ್ರತಿ ವರ್ಷ ನವೆಂಬರ್ ಬಂತು ಅಂದರೆ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷವೂ ನನ್ನ ಉತ್ತರ ಒಂದೇ. ಹಾಕಿ. ಪೂರ್ತಿ ಹಾಕಿ.

ಪಕ್ಕದ ಶಾಲೆಯವರಿಗೆ ನಿಮ್ಮ ಫೀಸ್ ಈಗಾಗಲೇ ಗೊತ್ತಿದೆ. ವ್ಯಾನ್ ಡ್ರೈವರ್‌ಗೆ ಗೊತ್ತು, ಯೂನಿಫಾರ್ಮ್ ಅಂಗಡಿಯವರಿಗೆ ಗೊತ್ತು, ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ರಸೀದಿಯ ಫೋಟೋನೇ ಓಡಾಡುತ್ತಿರುತ್ತದೆ. ಗೊತ್ತಿಲ್ಲದಿರೋದು ಹೊಸದಾಗಿ ಮಗು ಸೇರಿಸಲು ಬಂದ ಅಪ್ಪ ಅಮ್ಮನಿಗೆ ಮಾತ್ರ.

ಯಾವುದೇ ಶಾಲೆಯ ಆಫೀಸಿನಲ್ಲಿ ಅಡ್ಮಿಷನ್ ಸಮಯದಲ್ಲಿ ಅರ್ಧ ಗಂಟೆ ಕೂತು ನೋಡಿ. ಕೌಂಟರ್‌ನಲ್ಲಿರುವ ಮೇಡಂ ಹೊಳೆಯುವ ಬ್ರೋಷರ್ ಕೊಡುತ್ತಾರೆ. ಆಮೇಲೆ ಅದನ್ನೇ ವಾಪಸ್ ತಗೊಂಡು ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದುಕೊಡುತ್ತಾರೆ. ಜನ ಮನೆಗೆ ಹೋಗಿ ನೋಡುವುದು ಆ ನಾಲ್ಕು ಅಂಕಿಯನ್ನೇ. ಅದರಲ್ಲಿ ಪುಸ್ತಕ ಸೇರಿದೆಯೋ, ವ್ಯಾನ್ ಸೇರಿದೆಯೋ ಎಂದು ಬರೆದಿರುವುದಿಲ್ಲ. ಜೂನ್‌ನಲ್ಲಿ ಜಗಳ ಶುರುವಾಗುವುದು ಅಲ್ಲಿಂದಲೇ.

ಒಂದು ಲೆಕ್ಕ ಮಾಡೋಣ. ಒಂದನೇ ತರಗತಿ, ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು, ನಿಮ್ಮವು ಬೇರೆ ಇರುತ್ತವೆ. ಬೋಧನಾ ಶುಲ್ಕ 36,000 ರೂಪಾಯಿ. ಫೋನಿನಲ್ಲಿ ಹೇಳುವುದು ಇದೊಂದನ್ನೇ, ಅಲ್ವಾ? ಇದಕ್ಕೆ ಒಂದು ಸಲ ಕಟ್ಟುವ ಪ್ರವೇಶ ಶುಲ್ಕ 8,000 ಸೇರಿಸಿ. ಪುಸ್ತಕ, ನೋಟ್‌ಬುಕ್ಕು 5,500. ಎರಡು ಜೊತೆ ಯೂನಿಫಾರ್ಮ್, ಆಟದ ದಿನದ ಬಟ್ಟೆ, ಶೂ, ಸಾಕ್ಸ್, ಟೈ, ಬೆಲ್ಟ್ ಎಲ್ಲ ಸೇರಿ 4,500. ಕಂಪ್ಯೂಟರ್, ಪರೀಕ್ಷೆ, ವಾರ್ಷಿಕೋತ್ಸವ ಅಂತ 4,000. ವ್ಯಾನ್ ತಿಂಗಳಿಗೆ 1,200, ಹತ್ತು ತಿಂಗಳಿಗೆ 12,000. ಒಟ್ಟು 70,000. ಫೋನಿನಲ್ಲಿ ಹೇಳಿದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು.

ಈ 70,000ವನ್ನು ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಅದರ ಕೆಳಗೆ ಬಿಡಿಬಿಡಿಯಾಗಿ ವಿವರ ಕೊಡಿ. ವ್ಯಾನ್ ಬೇಡದವರಿಗೆ 58,000 ಎಂದು ಪಕ್ಕದಲ್ಲೇ ಬರೆಯಿರಿ.

ಇಷ್ಟಕ್ಕೇ ನಿಲ್ಲಿಸಬೇಡಿ. ವರ್ಷದ ಮೊತ್ತಕ್ಕಿಂತ ಮನೆಯವರನ್ನು ಜಾಸ್ತಿ ಕಾಡುವುದು ಯಾವ ತಿಂಗಳು ಎಷ್ಟು ಕಟ್ಟಬೇಕು ಅನ್ನುವುದು. ಬೋಧನಾ ಶುಲ್ಕವನ್ನು 12,000ದಂತೆ ಮೂರು ಕಂತು ಮಾಡಿದ್ದೀರಿ ಎಂದುಕೊಳ್ಳಿ. ಮೊದಲ ಕಂತು, ಪ್ರವೇಶ ಶುಲ್ಕ, ಪುಸ್ತಕ, ಬಟ್ಟೆ, ಇತರೆ ಶುಲ್ಕ, ಮೊದಲ ತಿಂಗಳ ವ್ಯಾನ್ ಎಲ್ಲ ಸೇರಿ ಶಾಲೆ ಶುರುವಾಗುವ ಹೊತ್ತಿಗೆ 35,200 ಬೇಕು. ಅಂದರೆ ವರ್ಷದ ಖರ್ಚಿನ ಅರ್ಧ ಒಂದೇ ಏಟಿಗೆ. ನಿಮ್ಮ ಕಡೆ ಅದೇ ಹೊತ್ತಿಗೆ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಹೊಂದಿಸುವ ಮನೆಗಳೇ ಜಾಸ್ತಿ. ಜನವರಿಯಲ್ಲೇ ಈ ಅಂಕಿ ಗೊತ್ತಾದರೆ ಅವರು ಹೊಂದಿಸಿಕೊಳ್ಳುತ್ತಾರೆ. ಜೂನ್‌ನಲ್ಲಿ ಗೊತ್ತಾದರೆ ಸಾಲ ಮಾಡುತ್ತಾರೆ.

ಮುಂದಿನ ವರ್ಷದ ಮಾತನ್ನೂ ಹೇಳಲೇಬೇಕು. ಪ್ರವೇಶ ಶುಲ್ಕ ಮತ್ತೆ ಇಲ್ಲ, ಬೋಧನಾ ಶುಲ್ಕ ಶೇ 8ರಷ್ಟು ಏರುತ್ತದೆ, ಉಳಿದದ್ದು ಹಾಗೇ ಇರುತ್ತದೆ ಎಂದರೆ ಎರಡನೇ ವರ್ಷ 64,880. ಏರಿಕೆ ಎಷ್ಟಾಗುತ್ತದೆ ಎಂದು ಈಗಲೇ ಹೇಳುವುದು ಕಷ್ಟ ಅಂತೀರಾ? ಹಾಗಾದರೆ ಹಿಂದಿನ 3 ವರ್ಷ ಒಂದನೇ ತರಗತಿಗೆ ನೀವು ತಗೊಂಡ ಮೊತ್ತವನ್ನು ಇದ್ದ ಹಾಗೆ ಅಚ್ಚು ಹಾಕಿಸಿ. ಈ ವರ್ಷ ನಿಮ್ಮಲ್ಲೇ ಐದನೇ, ಎಂಟನೇ, ಹತ್ತನೇ ತರಗತಿಯ ಮಕ್ಕಳು ಎಷ್ಟು ಕಟ್ಟುತ್ತಿದ್ದಾರೆ ಅನ್ನುವುದೂ ಇರಲಿ. ಎಂಟನೇ ತರಗತಿಗೆ ‘ಫೌಂಡೇಷನ್ ಕೋರ್ಸ್’ ಅಂತ ದಿಢೀರನೆ ಸೇರಿಕೊಳ್ಳುವ ಮೊತ್ತ ಆಗ ಯಾರಿಗೂ ಆಶ್ಚರ್ಯ ಅನ್ನಿಸುವುದಿಲ್ಲ.

ಪುಸ್ತಕ, ಬಟ್ಟೆ ಎರಡನ್ನೂ ಹೊರಗೆ ಕೊಳ್ಳಬಹುದೋ ಇಲ್ಲವೋ ಎಂದು ಒಂದು ಸಾಲು ಬರೆಯಿರಿ. ಸರ್ಕಾರದ ಪಠ್ಯಪುಸ್ತಕದ ಜೊತೆಗೆ ಖಾಸಗಿ ಪ್ರಕಾಶಕರ ಪುಸ್ತಕ ಇಟ್ಟಿದ್ದರೆ ಯಾವ್ಯಾವುದು ಎಂದು ಹೆಸರು ಕೊಡಿ. ಅಕ್ಕನ ಹಳೇ ಪುಸ್ತಕ ತಮ್ಮನಿಗೆ ಆಗುತ್ತದೆಯೇ ಅನ್ನುವುದು ಎರಡು ಮಕ್ಕಳಿರುವ ಮನೆಯಲ್ಲಿ ದೊಡ್ಡ ಪ್ರಶ್ನೆ.

ಹಾಗೇ, ಜನವರಿಯಲ್ಲಿ ಸೀಟು ಹಿಡಿದು ಮೇ ತಿಂಗಳಲ್ಲಿ ಅಪ್ಪನಿಗೆ ವರ್ಗವಾದರೆ ಎಷ್ಟು ವಾಪಸ್ ಬರುತ್ತದೆ? ‘ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ’ ಅನ್ನುವುದು ಇದಕ್ಕೆ ಉತ್ತರವಲ್ಲ. ಯಾವ ದಿನಾಂಕದೊಳಗೆ ಹೇಳಿದರೆ ಎಷ್ಟು, ಶಾಲೆ ಶುರುವಾದ ಮೇಲೆ ಬಿಟ್ಟರೆ ಎಷ್ಟು ಎಂದು ರೂಪಾಯಿಯಲ್ಲೇ ಬರೆಯಿರಿ. ಫೀಸ್ ಬಾಕಿ ಇದ್ದರೆ ಟಿಸಿ ಕೊಡುವುದಿಲ್ಲ ಎಂಬ ಸಾಲು ನಿಮ್ಮ ಕರಡಿನಲ್ಲಿ ಇದ್ದರೆ ಹೊಡೆದು ಹಾಕಿ. ಎಂಟನೇ ತರಗತಿಯವರೆಗಿನ ಮಗು ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತಿದ್ದರೆ ಮುಖ್ಯ ಶಿಕ್ಷಕರು ಕೂಡಲೇ ಟಿಸಿ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಅದೇ ಕಾಯ್ದೆಯ ಇನ್ನೊಂದು ಮಾತನ್ನು ಆಡಳಿತ ಮಂಡಳಿಯವರು ಓದಿರುವುದೇ ಇಲ್ಲ. ಶಾಲೆ ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಬೇರೆ ಯಾವ ಹೆಸರಿನಲ್ಲಿ ದುಡ್ಡು ತಗೊಂಡರೂ ಕಾಯ್ದೆಯ ಲೆಕ್ಕದಲ್ಲಿ ಅದು ವಂತಿಗೆ, ಅಂದರೆ ಡೊನೇಷನ್. ಕಟ್ಟಡ ನಿಧಿ ಅನ್ನಿ, ಅಭಿವೃದ್ಧಿ ನಿಧಿ ಅನ್ನಿ, ಪ್ರಕಟಿಸಿರದಿದ್ದರೆ ಅದು ವಂತಿಗೆಯೇ. 13ನೇ ಸೆಕ್ಷನ್ ಪ್ರಕಾರ ತಗೊಂಡ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಹಾಗಾಗಿ ಫೀಸ್ ಮುಚ್ಚಿಟ್ಟರೆ ಶಾಲೆಗೆ ರಕ್ಷಣೆ ಅನ್ನುವುದು ಉಲ್ಟಾ ಲೆಕ್ಕ. ಅಚ್ಚಾದ ಪಟ್ಟಿ ಇದ್ದರೆ ನಾಳೆ ದೂರು ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಪೋಷಕರಿಗೂ ಒಂದು ಮಾತು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ರಸೀದಿಯಲ್ಲಿರುವ ಬಾಬ್ತುಗಳ ಹೆಸರು ಬ್ರೋಷರ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಕೌಂಟರ್ ಮುಂದೆಯೇ ನಿಂತು ನೋಡಿ. ನಾನು ಈ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ, ನೀವೂ ನಂಬಬೇಡಿ.

ಪ್ರಶ್ನೆ: ನಮಗೆ ರಾಜ್ಯ ಸರ್ಕಾರದ ಮಾನ್ಯತೆ ಇದೆ. ಬ್ರೋಷರ್‌ನಲ್ಲಿ ‘ಸಿಬಿಎಸ್‌ಇ ಪ್ಯಾಟರ್ನ್’ ಅಂತ ಹಾಕಬಹುದಾ?

ಉತ್ತರ: ಬೇಡ. ಸಿಬಿಎಸ್‌ಇ ಸಂಯೋಜನೆ ಇದೆ ಅಥವಾ ಇಲ್ಲ, ಮಧ್ಯದಲ್ಲಿ ಪ್ಯಾಟರ್ನ್ ಅನ್ನುವುದೊಂದು ಇಲ್ಲ. ಈ ಪದ ನಂಬಿ ಎಂಟು ವರ್ಷ ಓದಿಸಿದ ಪೋಷಕರಿಗೆ ಬಿಸಿ ತಟ್ಟುವುದು ಒಂಬತ್ತನೇ ತರಗತಿಯಲ್ಲಿ. ಬೋರ್ಡ್‌ಗೆ ಮಗುವಿನ ಹೆಸರು ನೋಂದಾಯಿಸುವ ಹೊತ್ತಿಗೆ ಶಾಲೆಗೆ ಆ ಅಧಿಕಾರವೇ ಇಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಬೇರೆ ಶಾಲೆ ಹುಡುಕಬೇಕು, ಇಲ್ಲ ಎಸ್‌ಎಸ್‌ಎಲ್‌ಸಿಗೆ ಬದಲಾಗಬೇಕು. ಮಾನ್ಯತೆಯ ಸಂಖ್ಯೆ, ಯಾವ ತರಗತಿಯವರೆಗೆ, ಯಾವ ವರ್ಷದವರೆಗೆ, 11 ಅಂಕಿಯ ಯುಡೈಸ್ ಕೋಡ್, ಇಷ್ಟು ಹಾಕಿ ಸಾಕು. ಸಿಬಿಎಸ್‌ಇ ಅನ್ನುವ ಶಾಲೆಯ ಸಂಯೋಜನೆಯನ್ನು ಪೋಷಕರು saras.cbse.gov.in ತಾಣದಲ್ಲಿ ತಾವೇ ನೋಡಬಹುದು. ಹೆಸರಷ್ಟೇ ಅಲ್ಲ, ವಿಳಾಸವೂ ಹೊಂದಬೇಕು. ಒಂದು ಶಾಖೆಗೆ ಸಿಕ್ಕ ಸಂಯೋಜನೆಯನ್ನು ಇನ್ನೊಂದು ಶಾಖೆಯ ಬ್ರೋಷರ್‌ನಲ್ಲಿ ತೋರಿಸುವವರೂ ಇದ್ದಾರೆ.

ಪ್ರಶ್ನೆ: ಎಲ್ಲಾ ಬ್ರೋಷರ್‌ನಲ್ಲೂ ಎಸ್‌ಎಸ್‌ಎಲ್‌ಸಿ 100% ಫಲಿತಾಂಶ ಅಂತಾನೇ ಇದೆ. ನಂಬೋದು ಹೇಗೆ?

ಉತ್ತರ: ಶೇಕಡಾವಾರು ಬಿಡಿ, ತಲೆ ಎಣಿಸಿ. ಈ ಮಕ್ಕಳು ಎಂಟನೇ ತರಗತಿಯಲ್ಲಿದ್ದಾಗ ಎಷ್ಟು ಜನ ಇದ್ದರು, ಹತ್ತನೇ ತರಗತಿ ಪರೀಕ್ಷೆಗೆ ಎಷ್ಟು ಜನ ಕೂತರು ಎಂದು ಕೇಳಿ. 48 ಇದ್ದದ್ದು 39 ಆಗಿದ್ದರೆ ಉಳಿದ 9 ಮಕ್ಕಳು ಎಲ್ಲಿ ಹೋದರು? ಕೆಲವರು ಊರು ಬಿಟ್ಟಿರಬಹುದು. ಆದರೆ ಓದಿನಲ್ಲಿ ಹಿಂದಿರುವವರನ್ನು ಒಂಬತ್ತನೇ ತರಗತಿಯಲ್ಲೇ ಟಿಸಿ ಕೊಟ್ಟು ಕಳಿಸುವ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸುವ ಶಾಲೆಗಳಿವೆ. ಮಕ್ಕಳ ಮೇಲೆ ಮಾಡುವ ಈ ಅನ್ಯಾಯ ನೋಡಿದರೆ ನನಗೆ ಮೈ ಉರಿಯುತ್ತದೆ. 48ರಲ್ಲಿ 48 ಮಕ್ಕಳೂ ಕೂತು 44 ಪಾಸಾದರು ಎಂದು ಧೈರ್ಯವಾಗಿ ಅಚ್ಚು ಹಾಕಿಸುವ ಶಾಲೆ ಸಿಕ್ಕರೆ ಮೊದಲು ಅಲ್ಲಿಗೆ ಹೋಗಿ.

ಪ್ರಶ್ನೆ: ‘ಮಿಡ್‌ಬ್ರೈನ್ ಆ್ಯಕ್ಟಿವೇಷನ್’ ತರಬೇತಿ ಕೊಡ್ತೀವಿ, ಬ್ರೋಷರ್‌ನಲ್ಲಿ ಹಾಕಿದರೆ ಅಡ್ಮಿಷನ್ ಜಾಸ್ತಿ ಆಗುತ್ತೆ ಅಂತ ಒಬ್ಬರು ಬಂದಿದ್ದಾರೆ. ಮಕ್ಕಳು ಕಣ್ಣು ಕಟ್ಟಿಕೊಂಡು ಓದಿದ್ದನ್ನು ನಾನೇ ನೋಡಿದೆ.

ಉತ್ತರ: ನೀವು ನೋಡಿದ್ದು ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನು. ಕಣ್ಣಿಗೆ ಪಟ್ಟಿ ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗು ಎತ್ತರ ಇರುವುದರಿಂದ ಕೆಳಗೆ ಸಣ್ಣ ಸಂದಿ ಉಳಿಯುತ್ತದೆ. ಅದಕ್ಕೇ ಆ ಮಕ್ಕಳು ಪುಸ್ತಕವನ್ನು ಕೆಳಗೆ, ಹೊಟ್ಟೆಯ ಹತ್ತಿರ ಹಿಡಿದಿರುತ್ತಾರೆ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿರುತ್ತಾರೆ. ಅದೇ ಪುಸ್ತಕವನ್ನು ಹಣೆಯ ಎತ್ತರಕ್ಕೆ ಹಿಡಿಯಿರಿ, ಇಲ್ಲವೇ ಗಲ್ಲದ ಕೆಳಗೆ ಒಂದು ರಟ್ಟು ಅಡ್ಡ ಇಡಿ. ಓದು ನಿಂತುಹೋಗುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಎಷ್ಟೋ ಸಲ ಜನರ ಮುಂದೆ ಬಯಲು ಮಾಡಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸಿ ದುಡ್ಡು ಮಾಡುವ ಈ ಜನರನ್ನು ಗೇಟಿನ ಒಳಗೇ ಬಿಡಬೇಡಿ. ಬೆರಳಚ್ಚು ತಗೊಂಡು ಮಗುವಿನ ಬುದ್ಧಿ ಎಂಥದ್ದು ಎಂದು ಹೇಳುವವರಿಗೂ ಇದೇ ಮಾತು.

ಪ್ರಶ್ನೆ: ಒಂದನೇ ತರಗತಿಯ ಪ್ರವೇಶ ಪರೀಕ್ಷೆ, ಪೋಷಕರ ಸಂದರ್ಶನದ ದಿನಾಂಕ ಯಾವ ಪುಟದಲ್ಲಿ ಹಾಕೋದು?

ಉತ್ತರ: ಯಾವ ಪುಟದಲ್ಲೂ ಅಲ್ಲ, ಎರಡೂ ಕಾನೂನಿಗೆ ವಿರುದ್ಧ, ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000ದವರೆಗೆ.

ಪ್ರಶ್ನೆ: ಬ್ರೋಷರ್‌ನ ಮುಖಪುಟ ವಾಸ್ತು ಪ್ರಕಾರ ಹಳದಿ ಇರಬೇಕಂತೆ, ಹೌದಾ?

ಉತ್ತರ: ಓದಲು ಬರುವ ಬಣ್ಣ ಇದ್ದರೆ ಸಾಕು.

ಪ್ರಶ್ನೆ: ವಯಸ್ಸಿನ ನಿಯಮ ಬರೆದಿದ್ದರೂ ದಿನಾ ಅದೇ ಪ್ರಶ್ನೆ ಕೇಳ್ತಾರೆ. ಹೇಗೆ ಬರೆಯಬೇಕು?

ಉತ್ತರ: ‘ಜೂನ್ 1ಕ್ಕೆ 6 ವರ್ಷ ತುಂಬಿರಬೇಕು’ ಎಂದು ಬರೆದರೆ ಪ್ರತಿಯೊಬ್ಬರೂ ಬೆರಳು ಮಡಚಿ ಲೆಕ್ಕ ಹಾಕಬೇಕು, ಅರ್ಧ ಜನ ತಪ್ಪುತ್ತಾರೆ. ಅದರ ಬದಲು ಯಾವ ದಿನಾಂಕದಂದು ಅಥವಾ ಅದಕ್ಕೂ ಮೊದಲು ಹುಟ್ಟಿದ ಮಗು ಎಲ್‌ಕೆಜಿಗೆ, ಯುಕೆಜಿಗೆ, ಒಂದನೇ ತರಗತಿಗೆ ಎಂದು ಹುಟ್ಟಿದ ದಿನಾಂಕವನ್ನೇ ಕೊಡಿ. ಹಳೇ ಬ್ರೋಷರ್‌ನಿಂದ ಮಾತ್ರ ನಕಲು ಮಾಡಬೇಡಿ. 2025-26ನೇ ಸಾಲಿಗೆ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕು ಎಂದು ಸರ್ಕಾರ ಸಡಿಲಿಕೆ ಕೊಟ್ಟಿತ್ತು, ಅದೂ ಏಪ್ರಿಲ್‌ನಲ್ಲಿ, ಎಷ್ಟೋ ಶಾಲೆಗಳ ಬ್ರೋಷರ್ ಅಚ್ಚಾಗಿ ಹಂಚಿ ಮುಗಿದ ಮೇಲೆ. ವಯಸ್ಸಿನ ವಿವರವನ್ನು ಒಳಗೆ ಸೇರಿಸುವ ಬಿಡಿ ಹಾಳೆಯಲ್ಲಿ ಅಚ್ಚು ಹಾಕಿಸಿ, ಆ ವರ್ಷದ ಸುತ್ತೋಲೆಯ ಸಂಖ್ಯೆ, ದಿನಾಂಕವನ್ನೂ ಅದರಲ್ಲಿ ನಮೂದಿಸಿ. ನಿಯಮ ಬದಲಾದರೆ ಹಾಳೆ ಒಂದನ್ನು ಬದಲಿಸಿದರೆ ಆಯಿತು.